ಬಂದವರ ದುಡ್ಡಿನಲ್ಲಿ

ಸಹನಾ ಎರಡನೇ ಗುಂಡಿ ಒತ್ತಿದಳು. ಕಾರ್ಡಿನ ಮಿಷಿನ್ನಿನ ಪುಟ್ಟ ಪರದೆ ಒಮ್ಮೆ ಖಾಲಿಯಾಗಿ, ಆಮೇಲೆ ಪಿನ್ ಕೇಳಿತು. ಅವಳು ಅದನ್ನು ಕೌಂಟರಿನ ಗಾಜಿನ ಮೇಲೆ ತಿರುಗಿಸಿ ಇನೆಸ್ ಕಡೆಗೆ ಸರಿಸಿದಳು. ಇನೆಸ್ ಸೂಟ್‌ಕೇಸಿನ ಮೇಲೆ ಒಂದು ಮೊಣಕಾಲು ಊರಿಕೊಂಡು ಜಿಪ್ಪಿನ ಜೊತೆ ಗುದ್ದಾಡುತ್ತಿದ್ದಳು. ಹಾಗೇ ಬಾಗಿದಲ್ಲಿಂದಲೇ ಕೈ ಚಾಚಿ, ಪರದೆಯನ್ನು ನೋಡದೆ, ಬೆರಳಿಗೆ ಗೊತ್ತಿದ್ದ ನಾಲ್ಕು ಅಂಕಿಗಳನ್ನು ಒತ್ತಿದಳು.

"ಮೇಡಂ, ಬಿಸಿಲು ಏರ್ತಾ ಐತೆ," ಎಂದ ಬಾಗಿಲಲ್ಲಿ ನಿಂತಿದ್ದ ಡ್ರೈವರ್ ರಂಗರಾಜು. "ಇನ್ನೂ ತಡ ಮಾಡಿದ್ರೆ ಮಧುಗಿರಿ ಬೆಟ್ಟದ ಮೇಲೆ ಕಾಲಿಡಕ್ಕಾಗಲ್ಲ, ಬಂಡೆ ಹೆಂಚು ಕಾದಂಗೆ ಕಾಯ್ತದೆ. ಹೇಳಮ್ಮ ಸಹನಾ, ಇಂಗ್ಲಿಷಲ್ಲಿ ಹೇಳು."

ಸಹನಾ ಹೇಳಿದಳು. ಇನೆಸ್ ನಕ್ಕಳು. ಮಿಷಿನ್ನು ಕಿರ್ರೆಂದು ಚೀಟಿ ಹೊರಹಾಕಿತು. ಸಹನಾ ಹರಿದು ಕೊಟ್ಟಳು, ಇನೆಸ್ ಮಡಿಚಿ ಪ್ಯಾಂಟಿನ ಜೇಬಿಗೆ ತುರುಕಿದಳು. ಆಮೇಲೆ ಕೌಂಟರು ಬಳಸಿಕೊಂಡು ಈಚೆ ಬಂದು ಸಹನಾಳನ್ನು ತಬ್ಬಿಕೊಂಡಳು. ಸಹನಾ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಇಳಿಬಿಟ್ಟುಕೊಂಡು ನಿಂತಳು. ಕಾರು ಹೋಯಿತು. ಪಾವಗಡದ ಬಸ್‌ಸ್ಟ್ಯಾಂಡಿನ ಹಾರ್ನುಗಳು ಮತ್ತೆ ಲಾಡ್ಜಿನೊಳಕ್ಕೆ ಬಂದವು.

ಇನೆಸ್ ಪೋರ್ಚುಗಲ್‌ನವಳು. ಸೋಲಾರ್ ಪಾರ್ಕಿನ ಇನ್ವರ್ಟರುಗಳನ್ನು ಪರೀಕ್ಷಿಸಿ ಚಾಲೂ ಮಾಡುವ ಕೆಲಸ ಅವಳದು, ಅದೂ ಗುತ್ತಿಗೆಯ ಮೇಲೆ. ಲಾಡ್ಜಿನಲ್ಲಿ ಒಂದು ತಿಂಗಳಿಗೂ ಹೆಚ್ಚು ಕಾಲ ಇದ್ದಳು. ಅವಳಿಗೂ ಸಹನಾಗೂ ಸ್ನೇಹ ಬೆಳೆದಿತ್ತೇ ಎಂದು ಕೇಳಿದರೆ ಸಹನಾ ಉತ್ತರ ಕೊಡಲಾರಳು. ಸಂಜೆ ಸೈಟಿನಿಂದ ಬಂದವಳು ಬೂಟು ಬಿಚ್ಚಿ ಕೌಂಟರಿನೆದುರಿನ ಸೋಫಾದಲ್ಲಿ ಕೂರುತ್ತಿದ್ದಳು. ಸಹನಾ ರಿಜಿಸ್ಟರಿನಲ್ಲಿ ಬರೆಯುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮಾತಾಡಿಸದೆ ಹತ್ತಿರ ಕೂತವಳು ಅವಳೊಬ್ಬಳೇ. ಉಳಿದವರೆಲ್ಲ ಮಾತಾಡಿಸಿದ್ದರು.

ಅಪ್ಪ ಚಿಕ್ಕಹನುಮಯ್ಯ ಇದೇ ಬಸ್‌ಸ್ಟ್ಯಾಂಡಿನ ಬದಿಯಲ್ಲಿ ಪಂಚೆ ಟವಲ್ಲಿನ ಅಂಗಡಿ ಇಟ್ಟಿದ್ದ. ಕ್ಯಾತಗಾನಚೆರ್ಲಿನ ಜಮೀನನ್ನು ಪಾರ್ಕಿಗೆ ಗೇಣಿಗೆ ಕೊಟ್ಟ ಮೇಲೂ ಅಂಗಡಿ ಬಿಡಲಿಲ್ಲ. ಪಾವಗಡದಲ್ಲಿ ವ್ಯಾಪಾರ ಅಂದರೆ ಮೊದಲು ಗಿರಾಕಿಯ ಬಾಯಿ ನೋಡಬೇಕು. ಆಂಧ್ರದ ಕಡೆಯಿಂದ ಬಂದವರಿಗೆ ತೆಲುಗಿನಲ್ಲಿ ಬೆಲೆ ಹೇಳಬೇಕು, ಸಿರಾ ಕಡೆಯ ಸಾಬರು ಬಂದರೆ ನಾಲ್ಕು ಮಾತು ಉರ್ದು ಎಸೆಯಬೇಕು. "ಬಂದೋರ ಮಾತಲ್ಲೇ ಕೇಳ್ಬೇಕು ಕಣವ್ವ. ಅವರ ಊರಲ್ಲೇ ಕುಂತು ಕೊಂಡಂಗೆ ಅನ್ನುಸ್ಬೇಕು ಅವರ್ಗೆ," ಅನ್ನುತ್ತಿದ್ದ. ಹೆಗಲ ಮೇಲೆ ಟವಲ್ ಹಾಸಿ ತೋರಿಸುತ್ತಾ ತೆಲುಗಿನಲ್ಲಿ ಗಿರಾಕಿಯ ಮೊಮ್ಮಕ್ಕಳ ಯೋಗಕ್ಷೇಮ ಕೇಳುತ್ತಿದ್ದ. ಅದರಲ್ಲಿ ಮೋಸ ಇರಲಿಲ್ಲ. ನಿಜವಾಗಿಯೂ ಅವನಿಗೆ ತಿಳಿಯಬೇಕಾಗಿರುತ್ತಿತ್ತು.

ಹೊರದೇಶದ ಕಾರ್ಡು ಚುಚ್ಚಿದಾಗ ಲಾಡ್ಜಿನ ಮಿಷಿನ್ನು ಎರಡು ಸಾಲು ತೋರಿಸುತ್ತಿತ್ತು. ಒಂದನೆಯದು ರೂಪಾಯಿ. ಎರಡನೆಯದು ಬಂದವರ ದುಡ್ಡು: ಯೂರೋ, ಡಾಲರು, ಯಾವ ದೇಶದ ಕಾರ್ಡೋ ಆ ದೇಶದ್ದು. ಮಿಷಿನ್ ಹಾಕಿಕೊಡಲು ಬಂದವನು, "ಇದನ್ನ ಗೆಸ್ಟಿಗೆ ತೋರಿಸಿ, ಅವರು ಯಾವುದು ಹೇಳ್ತಾರೋ ಅದು," ಎಂದಿದ್ದ. ಹಿಂದೆ ನಿಂತಿದ್ದ ಮಾಲೀಕ ಪ್ರಸನ್ನಕುಮಾರ್, "ದೂರದಿಂದ ಬಂದೋರ್ಗೆ ಪರೀಕ್ಷೆ ಯಾಕಪ್ಪ. ಸಹನಾ, ಎರಡನೇದೇ ಒತ್ತಮ್ಮ, ಅವರದ್ದೇ ದುಡ್ಡು," ಎಂದಿದ್ದ. ಸಹನಾಗೆ ಅದು ಸರಿಯೆನಿಸಿತ್ತು. ಅವರ ಲೆಕ್ಕ ಅವರಿಗೆ ತಿಳಿಯುತ್ತದೆ. ಅಪ್ಪ ತೆಲುಗಿನಲ್ಲಿ ಬೆಲೆ ಹೇಳಿದ ಹಾಗೆಯೇ. ಅಂದಿನಿಂದ ಇಟಲಿಯವರು, ಜರ್ಮನಿಯವರು, ಚೀನಾದವರು, ಯಾರೇ ಬಂದರೂ ಅವರ ಮುಖ ನೋಡಿ ಒಂದು ನಗೆ ನಕ್ಕು ಎರಡನೆಯದನ್ನೇ ಒತ್ತಿದ್ದಳು.

ಮಧ್ಯಾಹ್ನ ಊಟದ ಡಬ್ಬಿ ತೆಗೆಯುವ ಹೊತ್ತಿಗೆ ಇನೆಸ್‌ಳ ಫೋನು ಬಂತು. ಹಿಂದೆ ಗಾಳಿಯ ಸದ್ದು.

"ಸಹನಾ, ನಾನು ಕೋಟೆಯ ಅರ್ಧದಲ್ಲಿ ಕೂತಿದ್ದೇನೆ. ನೀರು ಕುಡಿಯಲು ಕೂತವಳು ಚೀಟಿ ನೋಡಿದೆ."

"ಏನಾದರೂ ತಪ್ಪಾಗಿದೆಯಾ?"

"ಅರವತ್ತೆರಡು ಸಾವಿರ ರೂಪಾಯಿ ಸರಿ ಇದೆ. ಅದನ್ನು ಆರುನೂರ ಐವತ್ತೊಂದು ಯೂರೋ ಮಾಡಿದ್ದಾರೆ. ಇವತ್ತಿನ ಪೇಟೆ ದರದಲ್ಲಿ ಅದು ಆರುನೂರ ಇಪ್ಪತ್ತು. ನೀವು ಯೂರೋ ಒತ್ತಿದಿರಾ?"

"ಹೌದು," ಎಂದಳು ಸಹನಾ. "ನಿಮ್ಮ ದುಡ್ಡಲ್ಲಿ ಇದ್ದರೆ ನಿಮಗೆ ಅನುಕೂಲ ಅಂತ."

ಅತ್ತ ಕಡೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸುವ ಸದ್ದು ಬಂತು.

"ನಾನು ಎಲ್ಲಿ ಹೋದರೂ ಆ ಊರಿನ ದುಡ್ಡನ್ನೇ ಒತ್ತುತ್ತೇನೆ," ಎಂದಳು ಇನೆಸ್. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೊಸ ಹುಡುಗರಿಗೆ ಇನ್ವರ್ಟರ್ ವಿವರಿಸುವಾಗ ಬರುತ್ತಿದ್ದ ದನಿ. "ರೂಪಾಯಿ ಒತ್ತಿದರೆ ಕಾರ್ಡ್ ಕಂಪನಿಯವರು ತಮ್ಮ ದರದಲ್ಲಿ ಬದಲಾಯಿಸುತ್ತಾರೆ, ಅದು ಪೇಟೆ ದರಕ್ಕೆ ಹತ್ತಿರ ಇರುತ್ತೆ. ಯೂರೋ ಒತ್ತಿದರೆ ಮಿಷಿನ್ನಿನವರು ತಮ್ಮ ದರ ಹಾಕುತ್ತಾರೆ. ಅದರಲ್ಲಿ ನೂರಕ್ಕೆ ಐದು ಅವರದ್ದು, ಚೀಟಿಯಲ್ಲೇ ಸಣ್ಣಕ್ಷರದಲ್ಲಿ ಇದೆ. ನನ್ನ ಬ್ಯಾಂಕು ಹೊರದೇಶದ ಫೀಸು ಅಂತ ನೂರಕ್ಕೆ ಸುಮಾರು ಎರಡು ಹಿಡಿಯುತ್ತೆ. ಯೂರೋ ಒತ್ತಿದರೆ ಅದು ತಪ್ಪುತ್ತಾ? ಅದೂ ಇಲ್ಲ. ಅಂಗಡಿ ಇಂಡಿಯಾದಲ್ಲಿ ಇದೆ, ಅದಕ್ಕೆ ಹಿಡಿದೇ ಹಿಡಿಯುತ್ತಾರೆ. ಕಂಪನಿ ನನಗೆ ನಿಮ್ಮ ರೂಪಾಯಿ ಬಿಲ್ಲಿನ ಮೇಲೆ ಕೊಡುತ್ತೆ. ಅದರ ಮೇಲೆ ಹೋದದ್ದೆಲ್ಲ ನನ್ನ ಜೇಬಿನಿಂದ."

"ನನಗೆ ಗೊತ್ತಿರಲಿಲ್ಲ."

"ಚೀಟಿಯ ಕೆಳಗೆ ಏನು ಬರೆದಿದೆ ಗೊತ್ತಾ? 'ನನಗೆ ಎರಡೂ ಕರೆನ್ಸಿ ತೋರಿಸಲಾಯಿತು, ನಾನೇ ಯೂರೋ ಆರಿಸಿಕೊಂಡೆ' ಅಂತ."

ಸಹನಾ ಕೌಂಟರಿನ ಗಾಜಿನ ಕೆಳಗಿದ್ದ ಲಾಡ್ಜಿನ ಪ್ರತಿಯನ್ನು ತೆಗೆದು ನೋಡಿದಳು. ಇತ್ತು. ದಿನವೂ ಹರಿದು ಕೊಡುವ ಚೀಟಿ, ಓದಿರಲಿಲ್ಲ. ಈಗ ನಾಚಿಕೆಯಾಗಬೇಕು ಎಂದುಕೊಂಡು ಕಾದಳು. ಏನೂ ಆಗಲಿಲ್ಲ. ಡಬ್ಬಿಯಲ್ಲಿದ್ದ ಚಿತ್ರಾನ್ನ ತಣ್ಣಗಿತ್ತು.

"ಇವತ್ತೇ ರದ್ದು ಮಾಡಬಹುದು," ಎಂದಳು ಇನೆಸ್. "ಮಿಷಿನ್ನು ದಿನದ ಲೆಕ್ಕ ಬ್ಯಾಂಕಿಗೆ ಕಳಿಸುವ ಮೊದಲು ವಾಯ್ಡ್ ಮಾಡಿದರೆ ಏನೂ ನಡೆದೇ ಇಲ್ಲ ಅಂತಾಗುತ್ತೆ. ಆಮೇಲೆ ಕಾರ್ಡು ಮತ್ತೆ ಹಾಕಿ ರೂಪಾಯಿ ಒತ್ತಿ. ನಾನು ಇಳಿದು ಸಂಜೆಯವರೆಗೆ ಮಧುಗಿರಿಯಲ್ಲೇ ಇರುತ್ತೇನೆ. ಬರುತ್ತೀರಾ?"

"ಬರುತ್ತೇನೆ," ಎಂದಳು ಸಹನಾ.

ಮಿಷಿನ್ನಿನ ಸಹಾಯವಾಣಿಗೆ ಫೋನು ಮಾಡಿ ಕೇಳಿದಳು. ಐದು ಗಂಟೆಗೆ ಮಿಷಿನ್ನು ತಾನಾಗೇ ಲೆಕ್ಕ ಮುಚ್ಚುತ್ತದೆ ಮೇಡಂ, ಆಮೇಲೆ ವಾಯ್ಡ್ ಆಗಲ್ಲ, ರೀಫಂಡ್ ಹಾಕಬೇಕು, ಅದು ವಾರಗಟ್ಟಲೆ ಹಿಡಿಯುತ್ತೆ, ದರವೂ ಇವತ್ತಿನದು ಅವತ್ತಿಗಿರಲ್ಲ, ಎಂದಿತು ಅತ್ತಲಿನ ದನಿ. ವಾಯ್ಡ್ ಮಾಡಲು ಮಾಲೀಕರ ಪಾಸ್‌ವರ್ಡು ಬೇಕು. ಸಹನಾ ಪ್ರಸನ್ನಕುಮಾರನಿಗೆ ಫೋನು ಮಾಡಿ ಬಿಲ್ಲಿನ ಲೆಕ್ಕವನ್ನೆಲ್ಲ ಹೇಳಿದಳು. ಅವನು ಮಧುಗಿರಿಯ ಮನೆಯಲ್ಲೇ ಇದ್ದ. ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಲ್ಲ ಎಂದ. "ಮಿಷಿನ್ ತಗೊಂಡು ಮನೆ ತಾವಕ್ಕೆ ಬಾ, ನೋಡನ," ಎಂದ.

ಕೋಣೆ ಗುಡಿಸುವ ಓಬಳಮ್ಮ ಪೊರಕೆಯನ್ನು ಮೂಲೆಗಿಟ್ಟು ಕೌಂಟರಿನ ಕುರ್ಚಿಯಲ್ಲಿ ಕೂತಳು. ಅವಳು ಮಡಕಶಿರಾ ಕಡೆಯವಳು. "ನುವ್ವು ಪೋ ತಲ್ಲೀ. ನಾನು ನೋಡ್ಕೊಂತೀನಿ. ಯಾರಾನಾ ಬಂದ್ರೆ ರೂಮಿಲ್ಲ ಅಂದ್ರಾಯ್ತು."

"ಇದ್ರೂ?"

"ಇದ್ರೂ ಇಲ್ಲ ಅಂತೀನಿ. ಇದೆ ಅಂದ್ರೆ ಬರ್ಕೊಬೇಕು, ನಂಗೆ ಬರಿಯಕ್ಕೆ ಎಲ್ಲಿ ಬರ್ತೈತೆ?"

ಸಹನಾ ಮಿಷಿನ್ನನ್ನು ಕೈಚೀಲದಲ್ಲಿ ಹಾಕಿಕೊಂಡು ಮಧುಗಿರಿ ಬಸ್ಸು ಹತ್ತಿದಳು. ಕಿಟಕಿಯಾಚೆ ಕಡಲೆಕಾಯಿ ಹೊಲ, ಕಲ್ಲುಗುಡ್ಡ, ಮತ್ತೆ ಕಡಲೆಕಾಯಿ ಹೊಲ. ಮಿಡಿಗೇಶಿಯಲ್ಲಿ ಬಸ್ಸು ನಿಂತು, ಡ್ರೈವರು ಟೀ ಕುಡಿದು ಬಂದ. ಪಕ್ಕದಲ್ಲಿ ಕೂತಿದ್ದ ಮುದುಕಿ ತೆಲುಗಿನಲ್ಲಿ ಯಾವೂರಮ್ಮ ಎಂದಳು. ಸಹನಾ ತೆಲುಗಿನಲ್ಲೇ ಉತ್ತರ ಕೊಡಲು ಬಾಯಿ ತೆರೆದು, ಒಂದು ಕ್ಷಣ ತಡೆದು, ಆಮೇಲೆ ಕೊಟ್ಟಳು. ಹಿಂದೆ ಹಾಗೆ ತಡೆದದ್ದಿರಲಿಲ್ಲ. ಎಷ್ಟು ಜನರ ಕಾರ್ಡುಗಳು ಆ ಮಿಷಿನ್ನಿನೊಳಗೆ ಹೋಗಿ ಬಂದವೋ ಎಂಬ ಯೋಚನೆ ಬಂತು. ಅದು ಬಂದ ದಾರಿಯಲ್ಲೇ ಹೋಯಿತು.

ಪ್ರಸನ್ನಕುಮಾರನ ಮನೆ ಹಳೇ ಪೇಟೆಯಲ್ಲಿ, ಬೆಟ್ಟದ ಬುಡಕ್ಕೆ ಒತ್ತಿಕೊಂಡ ಬೀದಿಯಲ್ಲಿತ್ತು. ಅವನು ಜಗುಲಿಯಲ್ಲಿ ಬನಿಯನ್, ಲುಂಗಿಯಲ್ಲಿ ಕೂತು ಸಿರಾದಲ್ಲಿ ಕಟ್ಟಿಸುತ್ತಿದ್ದ ಹೊಸ ಲಾಡ್ಜಿಗೆ ಟೈಲ್ಸು ಆರಿಸುತ್ತಿದ್ದ. ತುಂಡುಗಳನ್ನು ನೆಲದ ಮೇಲೆ ಎಲೆ ಹಾಸಿದಂತೆ ಹಾಸಿಕೊಂಡಿದ್ದ. ಅವನ ತಾಯಿ ಕಮಲಾಕ್ಷಮ್ಮ ಬಾಗಿಲ ಹೊಸ್ತಿಲ ಒಳಗೆ ಮಣೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ಬಾಮ್ಮ," ಎಂದ ಪ್ರಸನ್ನಕುಮಾರ್. "ಈ ಬೂದಿ ಬಣ್ಣ ಹೆಂಗೈತೆ? ರಿಸೆಪ್ಷನ್ನಿಗೆ. ನೀನೇ ಕೂರೋ ಜಾಗ ಅದು, ನೀನೇ ಹೇಳು."

ಹೊಸ ಲಾಡ್ಜಿಗೆ ಅವಳನ್ನೇ ಮ್ಯಾನೇಜರ್ ಮಾಡುವುದಾಗಿ ಅವನು ಎರಡು ತಿಂಗಳಿಂದ ಹೇಳುತ್ತಿದ್ದ. ಈಗಿನದಕ್ಕೆ ಎರಡರಷ್ಟು ಸಂಬಳ, ಮಹಡಿಯ ಮೇಲೆ ಇರಲು ಕೋಣೆ. ಮುಚ್ಚಿದ ಟವಲ್ ಅಂಗಡಿಯ ಮುಂದೆ ದಿನಕ್ಕೆರಡು ಸಲ ಹಾದುಹೋಗುವುದು ತಪ್ಪುತ್ತದೆ. ಅವಳಿಗೆ ಬೇಕಾದದ್ದು ಬಹುಶಃ ಅದೊಂದೇ.

"ಚೆನ್ನಾಗೈತೆ ಸಾರ್," ಎಂದು ಅವಳು ಮಿಷಿನ್ನನ್ನು ಹೊರತೆಗೆದಳು. "ಪಾಸ್‌ವರ್ಡ್ ಹಾಕಿ ಸಾರ್. ಮೇಡಂ ಬಸ್‌ಸ್ಟ್ಯಾಂಡ್ ಹತ್ರ ಹೋಟ್ಲಲ್ಲಿ ಕಾಯ್ತಾವ್ರೆ. ವಾಯ್ಡ್ ಮಾಡಿ ರೂಪಾಯಲ್ಲಿ ಹಾಕ್ತೀನಿ."

"ಮೊದ್ಲು ಕೂತ್ಕೊ. ಅಮ್ಮ, ಮಜ್ಜಿಗೆ ಕೊಡು."

ಕಮಲಾಕ್ಷಮ್ಮ ಎದ್ದುಹೋಗಿ ಕಾಗದದ ಕಪ್ಪಿನಲ್ಲಿ ಮಜ್ಜಿಗೆ ತಂದರು. "ಲೋಟ ಎಲ್ಲ ತೊಳಿಯಕ್ಕೆ ಹಾಕಿವ್ನಿ ಕಣವ್ವ," ಎಂದರು. ಪ್ರಸನ್ನಕುಮಾರನ ಪಕ್ಕದಲ್ಲಿ ಸ್ಟೀಲಿನ ಲೋಟವಿತ್ತು. ಸಹನಾ ಮೆಟ್ಟಿಲ ಮೇಲೆ ಕೂತು ಮಜ್ಜಿಗೆ ಕುಡಿದಳು. ಉಪ್ಪು ಸರಿಯಾಗಿತ್ತು.

"ದುಬೈಗೆ ಹೋಗಿದ್ನಲ್ಲ ನಾನು," ಎಂದು ಅವನು ಕತೆ ಶುರುಮಾಡಿದ. "ಮಾಲಲ್ಲಿ ಅಮ್ಮಂಗೆ ಒಂದು ಸೆಂಟು, ನಮ್ಮೋಳಿಗೆ ಒಂದು ವಾಚು. ಕಾರ್ಡ್ ಕೊಟ್ಟೆ. ಆ ಹುಡುಗಿ ಮಿಷಿನ್ ತೋರ್ಸಿ, ರುಪೀಸ್ ಸಾರ್, ದಿರ್ಹಂ ಸಾರ್ ಅಂದ್ಳು. ಪರದೇಶದಲ್ಲಿ ನಮ್ ರೂಪಾಯಿ ಕಂಡ್ರೆ ಹೆಂಗಾಗ್ತದೆ ಹೇಳು? ಊರೋರು ಸಿಕ್ಕಂಗಾಯ್ತು. ಒತ್ತೇಬುಟ್ಟೆ ರೂಪಾಯಿ. ಊರಿಗೆ ಬಂದು ಸ್ಟೇಟ್‌ಮೆಂಟ್ ನೋಡಿದ್ರೆ, ಅವರ ದರದಲ್ಲಿ ಒಂದು ಏಟು, ಅದ್ರ ಮೇಲೆ ನಮ್ ಬ್ಯಾಂಕೋರು ಹೊರದೇಶದ ಅಂಗಡಿ ಅಂತ ಫೀಸು, ಆ ಫೀಸಿನ ಮೇಲೆ ಜಿಎಸ್‌ಟಿ. ರೂಪಾಯಲ್ಲೇ ಕೊಟ್ಟಿದೀನಲ್ಲ ಸ್ವಾಮಿ ಅಂದ್ರೆ, ಅಂಗಡಿ ಎಲ್ಲೈತೆ ಅನ್ನೋದು ಮುಖ್ಯ ಅಂತಾರೆ. ದಿರ್ಹಂ ಒತ್ತಿದ್ರೆ ಒಂದೇ ಏಟಲ್ಲಿ ಹೋಗ್ತಿತ್ತು."

"ಆ ಸೆಂಟು ಮುಗುದ್ರೂ ನಿನ್ ಕತೆ ಮುಗೀಲಿಲ್ಲ ಕಣೋ," ಎಂದರು ಕಮಲಾಕ್ಷಮ್ಮ.

"ಮತ್ತೆ ಗೊತ್ತಿದ್ದೂ ಎರಡನೇದು ಒತ್ತು ಅಂದ್ರಲ್ಲ ಸಾರ್," ಎಂದಳು ಸಹನಾ. ಆ ಮಾತಿನಲ್ಲಿ ಆರೋಪ ಇರಬೇಕಿತ್ತು. ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದ ಹಾಗೆ ಬಂತು.

"ಗೊತ್ತಾದ್ಮೇಲೇ ಅಂದಿದ್ದು." ಅವನು ನಕ್ಕ. "ಲಾಡ್ಜಿಗೂ ನೂರಕ್ಕೆ ಒಂದು ರೂಪಾಯಿ ಬರ್ತದೆ ಅದ್ರಲ್ಲಿ, ಇದೊಂದಕ್ಕೇ ಆರ್ನೂರು ಚಿಲ್ರೆ. ತಿಂಗಳ ಕೊನೇಗೆ ಜಮಾ ಮಾಡ್ತಾರೆ."

ಹಾಗಾದರೆ ಈ ಬಿಲ್ಲಿಗೆ ಆರುನೂರ ಇಪ್ಪತ್ತು. ಇನೆಸ್ ಕಳೆದುಕೊಂಡದ್ದು ಮೂರು ಸಾವಿರಕ್ಕೂ ಮೇಲೆ. ಉಳಿದದ್ದು ತಾನು ಎಂದೂ ನೋಡದ ಯಾರಿಗೋ ಹೋಗುತ್ತದೆ. ಅವರ ಪರವಾಗಿ ತಾನು ಗುಂಡಿ ಒತ್ತುತ್ತಾ ಬಂದಿದ್ದೇನೆ. ಸಹನಾ ಈ ಲೆಕ್ಕವನ್ನು ಬೇರೆ ಯಾರದೋ ಲೆಕ್ಕದಂತೆ ಮಾಡಿ ಮುಗಿಸಿದಳು.

"ಈ ಒಂದನ್ನ ಕ್ಯಾನ್ಸಲ್ ಮಾಡನ ಸಾರ್. ಐದು ಗಂಟೆ ಒಳಗೆ."

"ಹಂಗಲ್ಲ ಕಣಮ್ಮ." ಅವನು ಬೂದಿ ಬಣ್ಣದ ಟೈಲ್ಸನ್ನು ಪಕ್ಕಕ್ಕಿಟ್ಟ. "ಮಿಷಿನ್ನೋರು ಒಂದು ಮಾತು ಕೊಟ್ಟವ್ರೆ. ಈ ತಿಂಗ್ಳು ಫಾರಿನ್ ಕಾರ್ಡಲ್ಲಿ ಅವರವರ ದುಡ್ಡಲ್ಲೇ ಮೂರು ಲಕ್ಷದ ಬಿಲ್ಲಾದ್ರೆ ಸಿರಾ ಲಾಡ್ಜಿಗೆ ಬಾಡಿಗೆ ಇಲ್ದಂಗೆ ಎರಡು ಮಿಷಿನ್. ನಾವು ಈಗ ಗೆರೆ ಮೇಲೆ ನಿಂತಿದೀವಿ. ಇದು ದೊಡ್ಡ ಬಿಲ್ಲು. ಇದನ್ನ ತಿರುಗ್ಸಿ ರೂಪಾಯಿಗೆ ಹಾಕಿದ್ರೆ ಕೆಳಕ್ಕೆ ಬೀಳ್ತೀವಿ."

"ಮೇಡಂಗೆ ಏನು ಹೇಳ್ಲಿ?"

"ಅವಮ್ಮನ ಲುಕ್ಸಾನು ನಾನು ತುಂಬ್ಕೊಡ್ತೀನಿ. ಮೂರು ಸಾವ್ರದ ನೂರು. ಕ್ಯಾಶು. ನನ್ ಜೇಬಿಂದ." ಒಳಗೆ ಹೋಗಿ, ಅಂಗಿಯ ಜೇಬಿನಿಂದ ದುಡ್ಡು ತೆಗೆದು, ಯಾವುದೋ ಮದುವೆಗೆಂದು ತಂದಿದ್ದ ಮುಯ್ಯಿ ಕವರಿನಲ್ಲಿ ಹಾಕಿ ತಂದ.

"ನೋಡವ್ವ ನನ್ ಮಗನ ಯಾಪಾರ," ಎಂದರು ಕಮಲಾಕ್ಷಮ್ಮ ಅವರೆಕಾಳು ಬೊಗಸೆಯಲ್ಲಿ ಎತ್ತುತ್ತಾ. "ಆರ್ನೂರು ಬರ್ಲಿ ಅಂತ ಮೂರು ಸಾವ್ರ ಕೊಡ್ತಾನೆ. ಅವರಪ್ಪ ಇದ್ದಿದ್ರೆ ಜಗ್ಲಿಯಿಂದ ಇಳ್ಸೋರು."

"ನಿಂಗೆ ಗೊತ್ತಾಗಲ್ಲ ಸುಮ್ಕಿರಮ್ಮ."

"ನಂಗೆ ಗೊತ್ತಾಗಲ್ಲ. ಅವಳಿಗೂ ಗೊತ್ತಿರ್ನಿಲ್ಲ. ನಿಂಗೊಬ್ಬಂಗೆ ಗೊತ್ತಿತ್ತು, ಅದ್ಕೇ ಇಷ್ಟಾಗಿದ್ದು."

ಪ್ರಸನ್ನಕುಮಾರ್ ಕೇಳಿಸದವನಂತೆ ಕವರನ್ನು ಸಹನಾಳ ಕಡೆ ಚಾಚಿದ. "ಸಿರಾಗೆ ಹೋಗೋಳು ನೀನು. ಹತ್ತು ಥರದ ಗಿರಾಕಿ ಬರ್ತಾರೆ, ಹತ್ತು ಥರ ಕಿರಿಕ್ ಮಾಡ್ತಾರೆ. ಇಷ್ಟಕ್ಕೆಲ್ಲ ಮಿಷಿನ್ ಹೊತ್ಕೊಂಡು ಬಸ್ ಹತ್ತಿದ್ರೆ ಹೆಂಗೆ? ಕೊಟ್ಬುಟ್ಟು ಸಾರಿ ಅನ್ನು. ಆಯ್ತು."

ಈಗ ಬೇಡ ಸಾರ್, ಪಾಸ್‌ವರ್ಡ್ ಹಾಕಿ ಎನ್ನಬೇಕು. ಆ ಮಾತು ಅವಳಿಗೆ ಕಾಣಿಸುತ್ತಿತ್ತು, ಗಾಜಿನ ಆಚೆ ಇಟ್ಟ ವಸ್ತುವಿನ ಹಾಗೆ. ಅದಕ್ಕೆ ಬೇಕಾದ ಕೋಪವನ್ನೋ ದುಃಖವನ್ನೋ ಒಳಗೆ ಹುಡುಕಿದಳು. ಅಪ್ಪನನ್ನು ಮಣ್ಣಿಗಿಟ್ಟ ದಿನವೂ ಹೀಗೇ ಹುಡುಕಿದ್ದಳು. ಜನ ಅಳು ಬರಲಿ ಎಂದು ಬೆನ್ನು ತಟ್ಟಿದ್ದರು. ಸಿರಾದ ಮಹಡಿಯ ಕೋಣೆ ನೆನಪಿಗೆ ಬಂತು. ಅದಕ್ಕೆ ಕಿಟಕಿ ಎಷ್ಟು ಎಂದು ಕೇಳಿರಲಿಲ್ಲ. ಅವಳ ಕೈ ಮುಂದೆ ಹೋಗಿ ಕವರನ್ನು ತೆಗೆದುಕೊಂಡಿತು.

"ಜಾಣೆ," ಎಂದ ಪ್ರಸನ್ನಕುಮಾರ್. ಮತ್ತೆ ಟೈಲ್ಸಿನ ಕಡೆ ತಿರುಗಿದ.

ಅವಳು ಪೇಟೆಬೀದಿಯಲ್ಲಿ ನಿಧಾನವಾಗಿ ನಡೆದಳು. ಬೇಗ ನಡೆದರೆ ಬೇಗ ಮುಟ್ಟುತ್ತಿದ್ದಳು. ಮುಟ್ಟಿ, ಇನೆಸ್‌ಳನ್ನು ಕರೆದುಕೊಂಡು ಅದೇ ಜಗುಲಿಗೆ ವಾಪಸು ಬರಬಹುದಿತ್ತು. ಗಿರಾಕಿ ಎದುರಿಗೆ ನಿಂತರೆ ಪ್ರಸನ್ನಕುಮಾರ್ ಇಲ್ಲ ಎನ್ನುವವನಲ್ಲ, ಅದು ಅವಳಿಗೆ ಗೊತ್ತಿತ್ತು. ಪಾತ್ರೆ ಅಂಗಡಿಯ ಮುಂದೆ ನಿಂತು ಕೊಳದಪ್ಪಲೆಗಳನ್ನು ನೋಡಿದಳು. ಬೇಕಾಗಿಯೇನೂ ಇರಲಿಲ್ಲ. ಅಂಗಡಿಯವನು ಯಾವುದು ಕೊಡ್ಲಕ್ಕ ಎಂದ. ಅವಳು ತಲೆಯಾಡಿಸಿ ಮುಂದೆ ಹೋದಳು.

ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಕೈಚೀಲದೊಳಗೆ ಮಿಷಿನ್ನು ಎರಡು ಸಲ ಕುಯ್ಯೆಂದಿತು. ಆಮೇಲೆ ಮುದ್ರಿಸುವ ಕಿರ್ರ್ ಸದ್ದು. ಚೀಲ ತೆರೆದು ನೋಡಿದಳು. ಬಾಚಣಿಗೆ, ನೀರಿನ ಬಾಟಲಿ, ಮುಯ್ಯಿ ಕವರಿನ ನಡುವೆ ಬಿಳಿ ಕಾಗದ ಸುರುಳಿಸುತ್ತಾ ಇಳಿಯುತ್ತಿತ್ತು. ದಿನದ ಲೆಕ್ಕ ಮುಚ್ಚಿ ಬ್ಯಾಂಕಿಗೆ ಹೋಗಿತ್ತು. ಐದು ಗಂಟೆ. ಕಾಗದ ನಿಲ್ಲುವವರೆಗೆ ಅವಳು ರಸ್ತೆಯ ಬದಿಯಲ್ಲಿ ಚೀಲದ ಬಾಯಿ ಅಗಲಿಸಿ ಹಿಡಿದುಕೊಂಡು ನಿಂತಳು.

ಹೋಟೆಲಿನಲ್ಲಿ ಇನೆಸ್ ಮೂಲೆಯ ಮೇಜಿನಲ್ಲಿದ್ದಳು. ಬಿಸಿಲಿಗೆ ಮೂಗು ಕೆಂಪಗಾಗಿತ್ತು. ಎದುರಿಗೆ ರಂಗರಾಜು ಎರಡನೇ ದೋಸೆಯನ್ನು ಮುಗಿಸುತ್ತಿದ್ದ.

"ಬಂದ್ಯಾ ತಾಯಿ!" ಎಂದ ಅವನು. "ಇವಮ್ಮ ಗೋಡೆ ಗಡಿಯಾರನೇ ನೋಡ್ಕೊಂಡು ಕುಂತವ್ಳೆ. ನಾನು ತಿಂದೂ ತಿಂದೂ ಸಾಕಾಯ್ತು. ಕೊರಟಗೆರೆ ದಾಟೋದ್ರೊಳಗೆ ನಿದ್ದೆ ಬರ್ತದೆ ನಂಗೆ." ಆಮೇಲೆ ಸಹನಾಳ ಮುಖ ನೋಡಿದ. ತಟ್ಟೆಯನ್ನು ಎತ್ತಿಕೊಂಡು ಕೈತೊಳೆಯಲು ಹೋದ.

ಇನೆಸ್ ಆಗಲೇ ಕಾರ್ಡನ್ನು ಹೊರತೆಗೆದು ಮೇಜಿನ ಮೇಲಿಟ್ಟಿದ್ದಳು.

"ಆಗಲಿಲ್ಲ," ಎಂದಳು ಸಹನಾ. "ಲೆಕ್ಕ ಮುಚ್ಚಿಹೋಯಿತು. ಈಗ ತಾನೇ."

"ಮಾಲೀಕರು ಸಿಗಲಿಲ್ಲವಾ?"

"ಸಿಕ್ಕಿದರು."

ಇನೆಸ್ ಕಾದಳು. ಸಂಜೆ ಸೋಫಾದಲ್ಲಿ ಕೂತಂತೆಯೇ ಕೂತಿದ್ದಳು. ಈಗ ಆ ಮೌನ ಉತ್ತರ ಕೇಳುತ್ತಿತ್ತು. ಸಹನಾ ಮುಯ್ಯಿ ಕವರನ್ನು ತೆಗೆದು ಕಾರ್ಡಿನ ಪಕ್ಕದಲ್ಲಿ ಇಟ್ಟಳು. ಕವರಿನ ಮೇಲೆ ಚಿನ್ನದ ಬಣ್ಣದ ಗಣಪತಿ ಇದ್ದ.

"ಇದೇನು?"

"ಮೂರು ಸಾವಿರದ ನೂರು. ನಿಮಗೆ ಹೆಚ್ಚು ಹೋದದ್ದು. ಮಾಲೀಕರು ಕೊಟ್ಟಿದ್ದಾರೆ. ಸಾರಿ ಹೇಳಿದ್ದಾರೆ."

"ನೀವು ಕೇಳಿದ್ದು ಇದನ್ನಾ?"

"ಇಲ್ಲ. ರದ್ದು ಮಾಡಿ ಅಂದೆ. ಅವರು ಇದನ್ನು ಕೊಟ್ಟರು."

"ನೀವು ತೆಗೆದುಕೊಂಡಿರಿ."

"ಹೌದು."

ಸಪ್ಲೈಯರ್ ಬಂದು ಇನ್ನೇನಾದರೂ ಬೇಕಾ ಎಂದ. ಇಬ್ಬರೂ ಅವನನ್ನು ನೋಡಿದರು. ಅವನು ಮೇಜು ಒರೆಸಿ ಹೋದ. ಕವರಿನ ಸುತ್ತ ಬಟ್ಟೆ ಬಳಸಿ ಒರೆಸಿದ.

ಇನೆಸ್ ಕಾರ್ಡನ್ನು ಪರ್ಸಿನೊಳಗೆ ಹಾಕಿ ಜಿಪ್ಪು ಎಳೆದಳು. "ನಾನು ಮನೆಗೆ ಹೋದ ಮೇಲೆ ಬ್ಯಾಂಕಿಗೆ ಬರೆಯುತ್ತೇನೆ. ನನ್ನನ್ನು ಕೇಳಲಿಲ್ಲ ಅಂತ. ಅವರು ನಿಮ್ಮ ಮಿಷಿನ್ನಿನವರನ್ನು ಕೇಳುತ್ತಾರೆ, ಅವರು ಲಾಡ್ಜನ್ನು ಕೇಳುತ್ತಾರೆ. ಒತ್ತಿದ್ದು ಯಾರು ಅಂತ ಬರುತ್ತೆ."

"ಗೊತ್ತು."

"ನಿಮಗೆ ತೊಂದರೆ ಆಗಬಹುದು."

"ಗೊತ್ತು. ಇದನ್ನು ತೆಗೆದುಕೊಂಡರೆ ಬರೆಯಬೇಕಾಗಿಲ್ಲವಲ್ಲ." ಸಹನಾ ಕವರನ್ನು ಬೆರಳಿನಿಂದ ಸ್ವಲ್ಪ ಮುಂದೆ ತಳ್ಳಿದಳು. ಬೆಳಿಗ್ಗೆ ಮಿಷಿನ್ನನ್ನೂ ಹೀಗೇ ಸರಿಸಿದ್ದೆ ಎಂದು ಹೊಳೆದು, ಬೆರಳನ್ನು ಹಿಂದಕ್ಕೆ ಎಳೆದುಕೊಂಡಳು. "ಲೆಕ್ಕ ಸರಿಯಾಗುತ್ತೆ. ಏರ್‌ಪೋರ್ಟಿನಲ್ಲಿ ಖರ್ಚು ಮಾಡಬಹುದು. ಯಾರಿಗಾದರೂ ಏನಾದರೂ ಕೊಂಡುಕೊಳ್ಳಿ. ಪ್ಲೀಸ್."

ಹೊರಗೆ ರಂಗರಾಜು ಕಾರು ಚಾಲೂ ಮಾಡಿದ. ಇನೆಸ್ ಎದ್ದು ನಿಂತಳು. ಬೆನ್ನಿನ ಚೀಲವನ್ನು ಒಂದು ಹೆಗಲಿಗೆ, ಆಮೇಲೆ ಇನ್ನೊಂದಕ್ಕೆ ಏರಿಸಿಕೊಂಡಳು. ಈ ಸಲ ಮೇಜು ಬಳಸಿ ಬರಲಿಲ್ಲ.

"ಮೇಡಂ," ಎಂದಳು ಸಹನಾ. ಕವರನ್ನು ಎತ್ತಿ, ಎರಡೂ ಕೈಯಲ್ಲಿ ಹಿಡಿದು ಚಾಚಿದಳು.

"ಇಲ್ಲ," ಎಂದಳು ಇನೆಸ್. "ತೆಗೆದುಕೊಳ್ಳುವುದಿಲ್ಲ."